ಹದಿನೆಂಟು ಲಕ್ಷವೋ, ಹದಿನೇಳು ಲಕ್ಷವೋ?

ಬೆಂಗಳೂರಿನಲ್ಲಿ ಕೆಲಸ ಮಾಡುವ, ಹಾಸನದ ಕಡೆಯ ಯುವತಿಯೊಬ್ಬಳ ಕೈಯಲ್ಲಿ ಎರಡು ಆಫರ್ ಲೆಟರ್‌ಗಳಿವೆ ಎಂದುಕೊಳ್ಳೋಣ. ಮೊದಲನೆಯ ಕಂಪನಿ ವರ್ಷಕ್ಕೆ 18 ಲಕ್ಷ ಎನ್ನುತ್ತದೆ, ಎರಡನೆಯದು 17 ಲಕ್ಷ. ಮನೆಯವರನ್ನು ಕೇಳಿದರೆ ಯೋಚಿಸುವುದೇನಿದೆ, ಒಂದು ಲಕ್ಷ ಯಾಕೆ ಬಿಡಬೇಕು ಎಂದಾರು. ಆದರೆ ಈ ಎರಡೂ ಸಂಖ್ಯೆಗಳು ಸಿಟಿಸಿ, ಅಂದರೆ ಆಕೆಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಪ್ರತಿ ತಿಂಗಳು ಬ್ಯಾಂಕಿಗೆ ಬೀಳುವ ಹಣವೂ ಇದೆ, ನಿವೃತ್ತಿಗೆ ಕೂಡಿಡುವ ಹಣವೂ ಇದೆ, ಬಂದರೂ ಬರಬಹುದು, ಬಾರದೆಯೂ ಇರಬಹುದು ಎನ್ನುವ ಹಣವೂ ಇದೆ. ಇವುಗಳಿಗೆ ತೆರಿಗೆ ಬೀಳುವ ಬಗೆ ಒಂದೇ ಅಲ್ಲ. ಇಲ್ಲಿ ಕೊಡುವ ಲೆಕ್ಕವೆಲ್ಲ 2025–26ರ ಹಣಕಾಸು ವರ್ಷದ್ದು.

ಮೊದಲ ಆಫರ್‌ ಬಿಡಿಸಿ ನೋಡೋಣ. ಬೇಸಿಕ್ 7,20,000, ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) 2,88,000, ಸ್ಪೆಷಲ್ ಅಲೋವೆನ್ಸ್ 4,50,000. ಈ ಮೂರೂ ಸೇರಿದ 14,58,000 ಮಾತ್ರ ಖಾತ್ರಿಯ ಸಂಬಳ. ಉಳಿದದ್ದರಲ್ಲಿ 2 ಲಕ್ಷ ವೇರಿಯಬಲ್ ಪೇ, 86,400 ಪಿಎಫ್‌ಗೆ ಕಂಪನಿ ಕಟ್ಟುವ ಪಾಲು, 34,600 ಗ್ರಾಚ್ಯುಟಿ, 21,000 ಆರೋಗ್ಯ ವಿಮೆಯ ಕಂತು.

ಎರಡನೆಯದರಲ್ಲಿ ಬೇಸಿಕ್ 8,50,000, ಎಚ್‌ಆರ್‌ಎ 3,40,000, ಸ್ಪೆಷಲ್ ಅಲೋವೆನ್ಸ್ 2,89,000, ಒಟ್ಟು 14,79,000. ಜೊತೆಗೆ ಕಂಪನಿಯ ಪಿಎಫ್ ಪಾಲು 1,02,000, ಎನ್‌ಪಿಎಸ್ ಖಾತೆಗೆ ಕಂಪನಿ ಹಾಕುವ 1,19,000. ವೇರಿಯಬಲ್ ಇಲ್ಲ. ಗ್ರಾಚ್ಯುಟಿ, ವಿಮೆ ಎರಡೂ ಇವೆ, ಆದರೆ ಈ ಕಂಪನಿ ಅವನ್ನು ಸಿಟಿಸಿಯಲ್ಲಿ ಎಣಿಸಿಲ್ಲ.

ಗ್ರಾಚ್ಯುಟಿ ಕಾನೂನಿನ ಪ್ರಕಾರ ಕೊಡಲೇಬೇಕಾದ ಹಣ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲೆ, ಕೆಲಸ ಬಿಡುವಾಗ ಸಿಗುತ್ತದೆ. ಸಿಟಿಸಿಯಲ್ಲಿ ತೋರಿಸಿದ ಮಾತ್ರಕ್ಕೆ ಮೊದಲ ಕಂಪನಿ ಹೆಚ್ಚು ಕೊಟ್ಟಂತಾಗುವುದಿಲ್ಲ. ಹಾಗಾಗಿ ಹೋಲಿಸುವಾಗ ಗ್ರಾಚ್ಯುಟಿ ಮತ್ತು ವಿಮೆಯ ಮೊತ್ತವನ್ನು ಹೊಡೆದು ಹಾಕಿ. ಎರಡು ಆಫರ್‌ಗಳ ನಡುವಿನ ಒಂದು ಲಕ್ಷದ ಅಂತರದಲ್ಲಿ 55,600 ರೂಪಾಯಿ ಇಲ್ಲಿಯೇ ಕರಗಿತು.

ಇನ್ನು ತೆರಿಗೆ. ಈಗ ಎರಡು ಪದ್ಧತಿಗಳಿವೆ. ನೀವು ಏನೂ ಹೇಳದಿದ್ದರೆ ಕಂಪನಿ ನಿಮ್ಮನ್ನು ಹೊಸ ಪದ್ಧತಿಗೇ ಸೇರಿಸಿ ಟಿಡಿಎಸ್ ಹಿಡಿಯುತ್ತದೆ. ಅದರಲ್ಲಿ ಸಂಬಳದಿಂದ ಮೊದಲು 75,000 ಸ್ಟಾಂಡರ್ಡ್ ಡಿಡಕ್ಷನ್ ಕಳೆಯುತ್ತಾರೆ. ಉಳಿದದ್ದರಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಮುಂದಿನ 4 ಲಕ್ಷಕ್ಕೆ ಶೇ 5, ಅದರ ಮುಂದಿನ 4 ಲಕ್ಷಕ್ಕೆ ಶೇ 10, 12ರಿಂದ 16 ಲಕ್ಷದವರೆಗೆ ಶೇ 15. ಹೀಗೆ ಏರುತ್ತ 24 ಲಕ್ಷ ದಾಟಿದ ಮೇಲೆ ಶೇ 30. ತೆರಿಗೆ ಬೀಳುವ ಆದಾಯ 12 ಲಕ್ಷ ಮೀರದಿದ್ದರೆ ಲೆಕ್ಕಕ್ಕೆ ಬಂದ ತೆರಿಗೆಯನ್ನು ಪೂರ್ತಿ ಮನ್ನಾ ಮಾಡುತ್ತಾರೆ. ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುವುದು ಇದರಿಂದಲೇ.

ಈ ಪದ್ಧತಿಯಲ್ಲಿ ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೋವೆನ್ಸ್ ಎಂಬ ವಿಂಗಡಣೆ ತೆರಿಗೆಯ ಮಟ್ಟಿಗೆ ಅರ್ಥ ಕಳೆದುಕೊಂಡಿದೆ. ಬಾಡಿಗೆ ರಸೀದಿ ಕೊಟ್ಟರೂ ವಿನಾಯಿತಿ ಇಲ್ಲ. ಎಲ್‌ಟಿಎ, ಎಲ್‌ಐಸಿ ಕಂತು, ವೃತ್ತಿ ತೆರಿಗೆ ಯಾವುದೂ ಕಳೆಯುವಂತಿಲ್ಲ. ‘ನಮ್ಮದು ತೆರಿಗೆ ಉಳಿಸುವ ಪ್ಯಾಕೇಜು’ ಎಂದು ಎಚ್‌ಆರ್‌ನವರು ಹೇಳಿದರೆ ಯಾವ ಪದ್ಧತಿಯಲ್ಲಿ ಎಂದು ಕೇಳಬೇಕು. ಉಳಿದಿರುವ ದೊಡ್ಡ ಅನುಕೂಲಗಳು ಎರಡೇ: ಪಿಎಫ್‌ಗೆ ಕಂಪನಿ ಹಾಕುವ ಶೇ 12ರವರೆಗಿನ ಪಾಲು ಮತ್ತು ಎನ್‌ಪಿಎಸ್‌ಗೆ ಕಂಪನಿ ಹಾಕುವ, ಬೇಸಿಕ್‌ನ ಶೇ 14ರವರೆಗಿನ ಹಣ. ಇವೆರಡಕ್ಕೂ ತೆರಿಗೆ ಇಲ್ಲ. ಎರಡೂ ಸೇರಿ ವರ್ಷಕ್ಕೆ 7.5 ಲಕ್ಷ ದಾಟಿದರೆ ಮಾತ್ರ ಹೆಚ್ಚಿನದಕ್ಕೆ ತೆರಿಗೆ ಬರುತ್ತದೆ; ಈ ಮಟ್ಟದ ಸಂಬಳಕ್ಕೆ ಆ ಚಿಂತೆ ಇಲ್ಲ. ಬೇಸಿಕ್ ಎಷ್ಟಿದೆ ಎಂಬುದು ಹೊಸ ಪದ್ಧತಿಯಲ್ಲೂ ಮುಖ್ಯವಾಗುವುದು ಈ ಎರಡಕ್ಕಾಗಿ.

ನಮ್ಮ ಯುವತಿಯ ಲೆಕ್ಕಕ್ಕೆ ಬರೋಣ. ಮೊದಲ ಕಂಪನಿ ವೇರಿಯಬಲ್ ಕೊಡಲೇ ಇಲ್ಲ ಎಂದಿಟ್ಟುಕೊಂಡರೆ, 14,58,000ದಲ್ಲಿ 75,000 ಕಳೆದು ತೆರಿಗೆ ಬೀಳುವ ಆದಾಯ 13,83,000. ಶೇ 4ರ ಸೆಸ್ ಸೇರಿ ತೆರಿಗೆ 90,948. ಆಕೆಯ ಪಾಲಿನ ಪಿಎಫ್ 86,400, ಕರ್ನಾಟಕದ ವೃತ್ತಿ ತೆರಿಗೆ 2,500 ಕಳೆದರೆ ಕೈಗೆ ಬರುವುದು ವರ್ಷಕ್ಕೆ 12,78,152. ಎರಡನೆಯ ಕಂಪನಿಯಲ್ಲಿ ಇದೇ ಲೆಕ್ಕದ ಪ್ರಕಾರ ತೆರಿಗೆ 94,224, ಕೈಗೆ ಬರುವುದು 12,80,276. ಸಿಟಿಸಿಯಲ್ಲಿ ಒಂದು ಲಕ್ಷ ಕಡಿಮೆಯಿರುವ ಆಫರ್‌ನಲ್ಲಿ ತಿಂಗಳ ಸಂಬಳ ಹೆಚ್ಚುಕಡಿಮೆ ಅಷ್ಟೇ.

ಕೂಡಿಬೀಳುವ ಹಣದಲ್ಲಿ ಮಾತ್ರ ಎರಡನೆಯದು ಮುಂದಿದೆ. ಇಬ್ಬರ ಪಾಲೂ ಸೇರಿ ಪಿಎಫ್‌ಗೆ ವರ್ಷಕ್ಕೆ 2,04,000 ಹೋಗುತ್ತದೆ (ಕಂಪನಿಯ ಪಾಲಿನಲ್ಲಿ ಒಂದಂಶ ಪಿಂಚಣಿ ಯೋಜನೆಗೆ), ಮೊದಲನೆಯದರಲ್ಲಿ 1,72,800. ಅದರ ಮೇಲೆ ಎನ್‌ಪಿಎಸ್‌ನ 1,19,000. ಎಲ್ಲ ಸೇರಿಸಿದರೆ ಎರಡನೆಯ ಆಫರ್ 1,52,324 ರೂಪಾಯಿಯಷ್ಟು ಮುಂದೆ. ಮೊದಲನೆಯದು ಇದನ್ನು ಹಿಂದಿಕ್ಕಬೇಕಾದರೆ ವೇರಿಯಬಲ್ ಬರಬೇಕು. ಈಕೆಯ ಮಟ್ಟದಲ್ಲಿ ವೇರಿಯಬಲ್‌ನ ಪ್ರತಿ ನೂರು ರೂಪಾಯಿಯಲ್ಲಿ 15 ರೂಪಾಯಿ 60 ಪೈಸೆ ತೆರಿಗೆಗೇ ಹೋಗುತ್ತದೆ. ಹಾಗಾಗಿ 2 ಲಕ್ಷದಲ್ಲಿ ಕಡಿಮೆಯೆಂದರೂ 1,80,000 ರೂಪಾಯಿ, ಅಂದರೆ ಶೇ 90ರಷ್ಟು ಕೈಸೇರಿದರೆ ಮಾತ್ರ ಎರಡೂ ಸಮ. ಎಚ್‌ಆರ್‌ಗೆ ಕೇಳಬೇಕಾದ ಪ್ರಶ್ನೆ ಆಗ ತಾನಾಗಿ ಸಿಗುತ್ತದೆ: ಕಳೆದ ಎರಡು ಮೂರು ವರ್ಷಗಳಲ್ಲಿ ಈ ಹುದ್ದೆಯವರಿಗೆ ವೇರಿಯಬಲ್ ಶೇಕಡಾ ಎಷ್ಟು ಕೊಟ್ಟಿದ್ದೀರಿ, ಮೊದಲ ವರ್ಷ ತಿಂಗಳ ಲೆಕ್ಕದಲ್ಲಿ ಕೊಡುತ್ತೀರೋ ಇಲ್ಲವೋ?

ಎನ್‌ಪಿಎಸ್ ಹಣ ಸಾಮಾನ್ಯವಾಗಿ ಹಲವು ವರ್ಷ ಕೈಗೆಟುಕುವುದಿಲ್ಲ. ನಡುವೆ ಕೆಲವು ಕಾರಣಗಳಿಗೆ ಒಂದಿಷ್ಟು ಮಾತ್ರ ತೆಗೆಯಬಹುದು. ಮುಂದಿನ ವರ್ಷ ತಂಗಿಯ ಮದುವೆ ಮಾಡಬೇಕು, ಸೈಟಿಗೆ ಮುಂಗಡ ಕಟ್ಟಬೇಕು ಎನ್ನುವವರು ಆ 1,19,000ವನ್ನು ಕೈಯಲ್ಲಿರುವ ಹಣಕ್ಕೆ ಸಮ ಎಂದು ಎಣಿಸಬಾರದು. ಅಷ್ಟೇ ಮೊತ್ತ ಸ್ಪೆಷಲ್ ಅಲೋವೆನ್ಸ್ ಆಗಿ ಬಂದಿದ್ದರೆ ಅದಕ್ಕೆ ಸುಮಾರು 18,500 ತೆರಿಗೆ ಬೀಳುತ್ತಿತ್ತು. ಆ ಉಳಿತಾಯಕ್ಕಾಗಿ ಅಷ್ಟು ವರ್ಷ ಹಣ ಕಟ್ಟಿಹಾಕಬಹುದೇ ಎಂದು ಅವರವರೇ ತೀರ್ಮಾನಿಸಬೇಕು. ಮೂವತ್ತರ ಆಸುಪಾಸಿನವರಿಗೆ, ಕೈಸಾಲ ಇಲ್ಲದಿದ್ದರೆ, ಹೌದು ಎಂಬುದು ನನ್ನ ಅಭಿಪ್ರಾಯ. ಹಲವು ಕಂಪನಿಗಳು ಸ್ಪೆಷಲ್ ಅಲೋವೆನ್ಸ್‌ನಿಂದ ಒಂದು ಭಾಗವನ್ನು ಎನ್‌ಪಿಎಸ್‌ಗೆ ತಿರುಗಿಸಲು ಒಪ್ಪುತ್ತವೆ, ಕೇಳಿದರೆ ಮಾತ್ರ. ಮೊದಲ ಕಂಪನಿ ಒಪ್ಪಿದರೆ ಅಲ್ಲಿಯೂ 1,00,800 ತಿರುಗಿಸಿ 15,700ರಷ್ಟು ತೆರಿಗೆ ಉಳಿಸಬಹುದು.

ಹಾಗಾದರೆ ಹಳೆಯ ಪದ್ಧತಿ ಯಾರಿಗೆ? ಅದರಲ್ಲಿ ದರ ಜಾಸ್ತಿ: 5 ಲಕ್ಷ ದಾಟಿದ ಕೂಡಲೇ ಶೇ 20, 10 ಲಕ್ಷ ದಾಟಿದರೆ ಶೇ 30. ಸ್ಟಾಂಡರ್ಡ್ ಡಿಡಕ್ಷನ್ ಕೂಡ 50,000 ಮಾತ್ರ. ಕಳೆಯಲು ಸಿಗುವ ಬಾಬ್ತು ಬಹಳಷ್ಟಿದ್ದರೆ ಮಾತ್ರ ಇದು ಗೆಲ್ಲುತ್ತದೆ.

ದೊಡ್ಡ ಬಾಬ್ತು ಬಾಡಿಗೆ. ಆದರೆ ಕಟ್ಟಿದ ಬಾಡಿಗೆಯಷ್ಟೂ ವಿನಾಯಿತಿ ಸಿಗುವುದಿಲ್ಲ. ಕಂಪನಿ ಕೊಟ್ಟ ಎಚ್‌ಆರ್‌ಎ, ಬೇಸಿಕ್‌ನ ಶೇ 40 (ಬೆಂಗಳೂರಿಗೆ 2025–26ರ ಲೆಕ್ಕ ಇದು), ಬಾಡಿಗೆಯಲ್ಲಿ ಬೇಸಿಕ್‌ನ ಶೇ 10 ಕಳೆದ ಮೊತ್ತ. ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟು. ನಮ್ಮ ಯುವತಿ ತಿಂಗಳಿಗೆ 25,000 ಬಾಡಿಗೆ ಕಟ್ಟುತ್ತಾಳೆ. ವರ್ಷದ 3 ಲಕ್ಷದಲ್ಲಿ 72,000 ಕಳೆದರೆ ಮೊದಲ ಕಂಪನಿಯಲ್ಲಿ ವಿನಾಯಿತಿ 2,28,000. ಎರಡನೆಯದರಲ್ಲಿ ಬೇಸಿಕ್ ಹೆಚ್ಚಿರುವುದರಿಂದ ಅದೇ ಬಾಡಿಗೆಗೆ 2,15,000 ಮಾತ್ರ. ಎಚ್‌ಆರ್‌ಎ ಜಾಸ್ತಿ ಇದೆ ಎಂದು ಹಿಗ್ಗುವವರು ಗಮನಿಸಬೇಕಾದ ಜಾಗ ಇದು.

ಪಿಎಫ್, ಎಲ್‌ಐಸಿ ಎಲ್ಲ ಸೇರಿ 1,50,000, ಆರೋಗ್ಯ ವಿಮೆಗೆ ಸ್ವಂತವಾಗಿ ಕಟ್ಟುವ 25,000, ವೃತ್ತಿ ತೆರಿಗೆ, ಎಲ್ಲವನ್ನೂ ಕಳೆದರೂ ಮೊದಲ ಆಫರ್‌ಗೆ ಹಳೆಯ ಪದ್ಧತಿಯಲ್ಲಿ ತೆರಿಗೆ 1,17,780. ಹೊಸದಕ್ಕಿಂತ 26,832 ಹೆಚ್ಚು. ಈ ಸಂಬಳಕ್ಕೆ ಹಳೆಯ ಪದ್ಧತಿ ಲಾಭವಾಗಬೇಕಾದರೆ ಸ್ಟಾಂಡರ್ಡ್ ಡಿಡಕ್ಷನ್ ಬಿಟ್ಟು ಸುಮಾರು 5.33 ಲಕ್ಷ ಕಳೆಯಲು ಸಿಗಬೇಕು, ಆಕೆಗಿರುವುದು 4.05 ಲಕ್ಷ. ದೊಡ್ಡ ಮನೆಗೆ ಹೋದರೂ ಬಾಡಿಗೆಯ ವಿನಾಯಿತಿ 2,88,000ಕ್ಕೆ ನಿಲ್ಲುತ್ತದೆ, ಕೊರತೆ ತುಂಬುವುದಿಲ್ಲ.

ಊರಿನಲ್ಲಿ ಅಪ್ಪ ಅಮ್ಮ ಇರುವ ಮನೆ ಆಕೆಯ ಹೆಸರಿನಲ್ಲಿದ್ದು, ಅದರ ಸಾಲಕ್ಕೆ ವರ್ಷಕ್ಕೆ 2 ಲಕ್ಷ ಬಡ್ಡಿ ಕಟ್ಟುತ್ತಿದ್ದರೆ ಚಿತ್ರ ತಿರುಗುತ್ತದೆ. ಹಳೆಯ ಪದ್ಧತಿಯ ತೆರಿಗೆ 75,920ಕ್ಕೆ ಇಳಿದು, ಹೊಸದಕ್ಕಿಂತ 15,028 ಕಡಿಮೆಯಾಗುತ್ತದೆ. ಎರಡನೆಯ ಆಫರ್‌ನಲ್ಲಿ ಅದೇ ಸಾಲದಿಂದ ಆಗುವ ಲಾಭ ಬರೀ 4,160. ಬಾಡಿಗೆಯ ವಿನಾಯಿತಿ ಅಲ್ಲಿ ಕಡಿಮೆ. ಖಾಸಗಿ ನೌಕರರಿಗೆ ಕಂಪನಿಯ ಎನ್‌ಪಿಎಸ್ ಹಣದಲ್ಲಿ ತೆರಿಗೆ ತಪ್ಪುವುದೂ ಹಳೆಯ ಪದ್ಧತಿಯಲ್ಲಿ ಬೇಸಿಕ್‌ನ ಶೇ 10ರವರೆಗೆ ಮಾತ್ರ. ಅಂದರೆ ಪದ್ಧತಿಯ ಆಯ್ಕೆಗೂ ಆಫರ್‌ನ ಆಯ್ಕೆಗೂ ನಂಟಿದೆ. ಪ್ರತಿ ಆಫರ್‌ಗೂ ಎರಡೂ ಪದ್ಧತಿಯ ಲೆಕ್ಕ ಹಾಕಿ, ಕಡಿಮೆ ತೆರಿಗೆಯದನ್ನು ಹಿಡಿದು, ಆಮೇಲೆ ಹೋಲಿಸಬೇಕು. ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿರುವ ಕ್ಯಾಲ್ಕುಲೇಟರ್ ಇದಕ್ಕೆ ಸಾಕು.

ಕಂಪನಿಗೆ ಹೇಳಿದ ಪದ್ಧತಿಯೇ ಕೊನೆಯದಲ್ಲ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಕೊನೆಯ ದಿನಾಂಕದೊಳಗೆ ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಬಹುದು. ಹೆಚ್ಚು ಹಿಡಿದ ಟಿಡಿಎಸ್ ವಾಪಸು ಬರುತ್ತದೆ. ಅದಕ್ಕೆ ಬಾಡಿಗೆ ಕರಾರು, ರಸೀದಿ, ಬ್ಯಾಂಕಿನಿಂದ ಬಾಡಿಗೆ ಕೊಟ್ಟ ದಾಖಲೆ ಇಟ್ಟುಕೊಂಡಿರಬೇಕು. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ನಂಬರ್ ಕೂಡ ಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಎಡವುವುದು ವರ್ಷದ ನಡುವೆ ಕೆಲಸ ಬದಲಿಸುವಾಗ. ಈ ಯುವತಿ ಆಗಸ್ಟ್‌ವರೆಗೆ ಹಳೆಯ ಕಂಪನಿಯಲ್ಲಿ ತಿಂಗಳಿಗೆ ಒಂದು ಲಕ್ಷ ಪಡೆಯುತ್ತಿದ್ದಳು. ವರ್ಷಕ್ಕೆ 12 ಲಕ್ಷ ಎಂದು ಎಣಿಸಿ ಅವರು ಟಿಡಿಎಸ್ ಹಿಡಿಯಲಿಲ್ಲ. ಸೆಪ್ಟೆಂಬರಿನಲ್ಲಿ ಸೇರಿದ ಮೊದಲ ಆಫರ್‌ನ ಕಂಪನಿ ಉಳಿದ ಏಳು ತಿಂಗಳಿಗೆ ಕೊಡುವುದು 8,50,500. ಹಿಂದಿನ ಸಂಬಳದ ವಿವರ ಕೊಡದಿದ್ದರೆ ಅವರ ಲೆಕ್ಕದಲ್ಲೂ ತೆರಿಗೆ ಸೊನ್ನೆ. ವರ್ಷಕ್ಕೊಮ್ಮೆ ಸಿಗಬೇಕಾದ 75,000 ಮತ್ತು ಮನ್ನಾ ಎರಡೆರಡು ಸಲ ಸಿಕ್ಕಿರುತ್ತದೆ. ರಿಟರ್ನ್ ತುಂಬಲು ಕುಳಿತಾಗ ಎರಡೂ ಸೇರಿ 13,50,500 ಆಗಿ, 74,178 ರೂಪಾಯಿ ಒಮ್ಮೆಲೇ ಕಟ್ಟಬೇಕಾಗುತ್ತದೆ, ಅದಕ್ಕೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೇರೆ. ಹೊಸ ಕಂಪನಿಗೆ ಸೇರಿದ ವಾರದಲ್ಲೇ ಹಿಂದಿನ ಸಂಬಳ ಮತ್ತು ಟಿಡಿಎಸ್ ವಿವರವನ್ನು ಫಾರ್ಮ್ 12ಬಿಯಲ್ಲಿ ತುಂಬಿ ಕೊಟ್ಟರೆ ಆ ಮೊತ್ತ ಏಳು ತಿಂಗಳ ಸಂಬಳದಲ್ಲಿ ಹಂಚಿಹೋಗುತ್ತದೆ. ತಿಂಗಳಿಗೆ ಹತ್ತೂವರೆ ಸಾವಿರದಷ್ಟು.