ಗಡುವು ಮೀರಿದ ಆಸ್ಪತ್ರೆ ಬಿಲ್ಲು

ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮೊದಲು ಬೇಕಾಗುವುದು ವಿಶ್ರಾಂತಿ. ಬಿಲ್ಲುಗಳ ಕಂತೆ ಎಲ್ಲೋ ಕಪಾಟಿನಲ್ಲಿ ಉಳಿದುಬಿಡುತ್ತದೆ. ಮುಂದೆ ಕಚೇರಿಗೆ ಕೊಟ್ಟಾಗ ‘ಅವಧಿ ಮುಗಿದಿದೆ’ ಎಂದು ವಿಷಯ ನಿರ್ವಾಹಕರು ಹಿಂದಿರುಗಿಸುತ್ತಾರೆ. ಎಷ್ಟೋ ನೌಕರರು ಅಲ್ಲಿಗೆ ಕೈಬಿಡುತ್ತಾರೆ. ಕೈಬಿಡುವ ಮೊದಲು ನೋಡಬೇಕಾದದ್ದು ಇನ್ನೂ ಇದೆ.

ಸಿಜಿಎಚ್‌ಎಸ್ ವ್ಯಾಪ್ತಿಗೆ ಬಾರದ ಊರುಗಳಲ್ಲಿರುವ ಕೇಂದ್ರ ಸರ್ಕಾರಿ ನೌಕರರನ್ನೇ ತೆಗೆದುಕೊಳ್ಳೋಣ. ಅವರಿಗೆ 1944ರ ಕೇಂದ್ರ ಸೇವಾ ವೈದ್ಯಕೀಯ ನಿಯಮಗಳು ಅನ್ವಯಿಸುತ್ತವೆ. ಮರುಪಾವತಿಯ ಅರ್ಜಿ ಕೊಡಲು ಮೊದಲು ಮೂರು ತಿಂಗಳಿತ್ತು, ಈಗ ಆರು ತಿಂಗಳಿದೆ. ಈ ಆರು ತಿಂಗಳನ್ನು ಎಣಿಸಬೇಕಾದದ್ದು ಚಿಕಿತ್ಸೆ ಮುಗಿದ ದಿನದಿಂದ. ಆ ದಿನ ಯಾವುದೆಂದು ಹೇಳುವುದು ವೈದ್ಯರು ಕೊಟ್ಟ ಕೊನೆಯ ಎಸೆನ್ಷಿಯಾಲಿಟಿ ಸರ್ಟಿಫಿಕೇಟ್. ಡಿಸ್ಚಾರ್ಜ್ ಆದ ದಿನದಿಂದಲೇ ಲೆಕ್ಕ ಶುರು ಮಾಡುವವರು ನೌಕರರಲ್ಲೂ ಇದ್ದಾರೆ, ಕಚೇರಿಗಳಲ್ಲೂ ಇದ್ದಾರೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಅಂಚೆ ನೌಕರರೊಬ್ಬರ ತೊಡೆಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಜನವರಿ 10ರಂದು ಡಿಸ್ಚಾರ್ಜ್ ಆದರು. ಮುಂದುವರಿದ ಚಿಕಿತ್ಸೆ ಮುಗಿದದ್ದು ಮಾರ್ಚ್ 20ಕ್ಕೆ, ಸರ್ಟಿಫಿಕೇಟಿನಲ್ಲೂ ಅದೇ ದಿನಾಂಕವಿದೆ. ಅವರು ಬಿಲ್ಲು ಕೊಟ್ಟದ್ದು ಅಕ್ಟೋಬರ್ 28ರಂದು. ಕಚೇರಿ ಡಿಸ್ಚಾರ್ಜಿನಿಂದ ಎಣಿಸಿ 110 ದಿನ ತಡವೆಂದಿತು. ಸರಿಯಾದ ಗಡುವು ಸೆಪ್ಟೆಂಬರ್ 20. ಅಂದರೆ ವಿವರಣೆ ಕೊಡಬೇಕಾದದ್ದು 38 ದಿನಗಳ ತಡಕ್ಕೆ ಮಾತ್ರ.

ತಡವಾದದ್ದೇಕೆ? ಅವರಿಗೆ ಸ್ವಂತದ ಆರೋಗ್ಯ ವಿಮೆಯೂ ಇತ್ತು. ಒಟ್ಟು ಖರ್ಚು 1,86,000 ರೂಪಾಯಿ. ವಿಮೆಯಿಂದಲೂ ಇಲಾಖೆಯಿಂದಲೂ ಪಡೆಯಲು ಅವಕಾಶವಿದೆ, ಎರಡೂ ಸೇರಿ ಖರ್ಚನ್ನು ಮೀರಬಾರದು ಅಷ್ಟೆ. ಮೂಲ ಬಿಲ್ಲುಗಳು ಮೊದಲು ವಿಮಾ ಕಂಪನಿಗೆ ಹೋಗಬೇಕು. ಕಂಪನಿ ದೃಢೀಕರಿಸಿದ ನಕಲುಗಳನ್ನೂ, ಎಷ್ಟು ಕೊಟ್ಟಿತೆಂಬ ಪತ್ರವನ್ನೂ ಇಟ್ಟು ಉಳಿದ ಹಣಕ್ಕೆ ಇಲಾಖೆಯನ್ನು ಕೇಳಬೇಕು. ಈ ನೌಕರ ಏಪ್ರಿಲ್ 2ರಂದೇ ವಿಮೆಗೆ ಬಿಲ್ಲು ಕೊಟ್ಟಿದ್ದರು. 1,20,000 ರೂಪಾಯಿ ಮಂಜೂರಾದ ಪತ್ರ ಬಂದದ್ದು ಅಕ್ಟೋಬರ್ 14ಕ್ಕೆ. ಕಾಗದ ಕೈಗೆ ಬಂದ ಎರಡೇ ವಾರದಲ್ಲಿ ಅವರು ಕಚೇರಿಗೆ ಕೊಟ್ಟಿದ್ದಾರೆ. ಇಂಥ ಕಾರಣವನ್ನು ಯಾವ ಅಧಿಕಾರಿಯೂ ಸುಲಭವಾಗಿ ತಳ್ಳಿಹಾಕಲಾರರು, ಏಕೆಂದರೆ ಪ್ರತಿ ಹಂತಕ್ಕೂ ದಿನಾಂಕವಿರುವ ದಾಖಲೆಯಿದೆ.

ನೈಜ ಕಾರಣವಿದ್ದಾಗ ವಿಳಂಬವನ್ನು ಮನ್ನಿಸಲು ನಿಯಮದಲ್ಲಿ ಎಡೆಯಿದೆ. ಆ ಅಧಿಕಾರ ಇರುವುದು ಮೇಲಧಿಕಾರಿಗಳಿಗೆ, ಸಾಮಾನ್ಯವಾಗಿ ಇಲಾಖಾ ಮುಖ್ಯಸ್ಥರಿಗೆ. ಬಿಲ್ಲು ಪರಿಶೀಲಿಸುವ ಗುಮಾಸ್ತರಿಗೆ ಇಲ್ಲ. ಆದ್ದರಿಂದ ಬಿಲ್ಲಿನ ಜೊತೆಗೆ ವಿಳಂಬ ಮನ್ನಾ ಕೋರುವ ಪ್ರತ್ಯೇಕ ಅರ್ಜಿಯನ್ನು ಅವರ ಹೆಸರಿಗೇ ಬರೆದು, ತಮ್ಮ ಕಚೇರಿಯ ಮೂಲಕ ಕಳಿಸಬೇಕು. ಅರ್ಜಿ ಒಂದು ಪುಟ ಮೀರಬೇಕಿಲ್ಲ. ಚಿಕಿತ್ಸೆ ಮುಗಿದ ದಿನ, ಗಡುವಿನ ದಿನ, ಎಷ್ಟು ದಿನ ತಡ, ಆ ದಿನಗಳಲ್ಲಿ ಏನಾಯಿತು, ಅದಕ್ಕೆ ಯಾವ ದಾಖಲೆ ಎಂಬುದಿದ್ದರೆ ಸಾಕು. ‘ಅನಿವಾರ್ಯ ಕಾರಣಗಳಿಂದ’ ಎಂದಷ್ಟೇ ಬರೆದ ಅರ್ಜಿಯನ್ನಿಟ್ಟುಕೊಂಡು ಅಧಿಕಾರಿ ಕಡತದಲ್ಲಿ ಏನೂ ಬರೆಯಲಾಗುವುದಿಲ್ಲ. ಹಾಸಿಗೆ ಹಿಡಿದಿದ್ದರೆ ವೈದ್ಯರ ಪ್ರಮಾಣಪತ್ರ ಬೇಕು. ಆಸ್ಪತ್ರೆಯೇ ಸರ್ಟಿಫಿಕೇಟ್ ತಡಮಾಡಿದ್ದರೆ ನೀವು ಕೇಳಿದ ಪತ್ರ ಮತ್ತು ಅವರು ಕೊಟ್ಟ ದಿನಾಂಕ ಬೇಕು.

ಡಾಕ್ಟರಿಂದ ಹಿಂದಿನ ದಿನಾಂಕ ಹಾಕಿಸಿಕೊಂಡು ಬನ್ನಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ತಡವಾದ ಬಿಲ್ಲಿನಿಂದ ಹೆಚ್ಚೆಂದರೆ ಹಣ ಹೋಗುತ್ತದೆ, ತಿದ್ದಿದ ದಿನಾಂಕದಿಂದ ಇಲಾಖಾ ವಿಚಾರಣೆ ಎದುರಾಗುತ್ತದೆ.

ಮನ್ನಾ ಸಿಕ್ಕರೂ ಕೇಳಿದ್ದೆಲ್ಲ ಬರುತ್ತದೆಂದು ತಿಳಿಯಬಾರದು. ತಡವಷ್ಟೇ ಕ್ಷಮೆಯಾಗುತ್ತದೆ, ಚಿಕಿತ್ಸೆಗೆ ಸರ್ಕಾರ ನಿಗದಿಮಾಡಿದ ದರಗಳು ಹಾಗೆಯೇ ಇರುತ್ತವೆ. ನಮ್ಮ ಅಂಚೆ ನೌಕರರು ಕೇಳಬಹುದಾದದ್ದು ಹೆಚ್ಚೆಂದರೆ 66,000 ರೂಪಾಯಿ, ಅದೂ ಆ ದರಗಳಿಗೆ ಒಳಪಟ್ಟು. ಸೆಪ್ಟೆಂಬರ್ 20ಕ್ಕೆ ಮುಂಚೆಯೇ ‘ಬಿಲ್ಲು ವಿಮಾ ಕಂಪನಿಯಲ್ಲಿದೆ, ಬಂದೊಡನೆ ಸಲ್ಲಿಸುವೆ’ ಎಂಬ ಎರಡು ಸಾಲಿನ ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದರೆ ಅವರ ಕೆಲಸ ಇನ್ನೂ ಹಗುರಾಗುತ್ತಿತ್ತು.

ಖಾಸಗಿ ಕಂಪನಿಗಳಲ್ಲಿ ಮಾಲೀಕರು ಮಾಡಿಸಿದ ಗುಂಪು ವಿಮೆಯಿದ್ದರೆ ದಾರಿ ಬೇರೆ. ತಪ್ಪಿಸಲಾಗದ ಕಾರಣದಿಂದ ತಡವಾದ ಕ್ಲೇಮನ್ನು ತಡವೊಂದನ್ನೇ ನೆಪಮಾಡಿ ನಿರಾಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಎಚ್‌ಆರ್ ವಿಭಾಗದ ಮೂಲಕ ಬರೆಯುವಾಗ ಅದನ್ನು ಉಲ್ಲೇಖಿಸಬೇಕು.

ಸರ್ಕಾರಿ ಕಚೇರಿ ಒಪ್ಪದಿದ್ದರೆ ಬಾಯಿಮಾತಿನ ‘ಆಗಲ್ಲ’ ತೆಗೆದುಕೊಂಡು ಬರಬೇಡಿ. ಕಾರಣ ಬರೆದ ಹಿಂಬರಹ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ಪ್ರತಿ ಕೇಳಬಹುದು. ಮೇಲಧಿಕಾರಿಗೆ ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರವಿಲ್ಲದಿದ್ದರೆ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಅದರ ಪೀಠವೊಂದು ಬೆಂಗಳೂರಿನಲ್ಲೇ ಇದೆ. ಅಲ್ಲಿಯೂ ಗಡುವಿದೆ: ಅಂತಿಮ ಆದೇಶ ಬಂದ ದಿನದಿಂದ, ಇಲ್ಲವೇ ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ.