ವೇತನ ಚೀಟಿಯ ಚಿತ್ರ: ಓದುವುದು ಹೇಗೆ, ತಾಳೆ ನೋಡುವುದು ಹೇಗೆ?

ಜಯನಗರ, ಜೆ.ಪಿ. ನಗರ, ಬನಶಂಕರಿ ಭಾಗಗಳ ಸಣ್ಣ ಘಟಕಗಳಿಗೆ ಕೆಲಸ ಕೇಳಿ ಬರುವವರು ಹಿಂದಿನ ಸಂಸ್ಥೆಯ ವೇತನ ಚೀಟಿಯನ್ನು ಈಗ ಕಾಗದದಲ್ಲಿ ತರುವುದು ಕಡಿಮೆ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನೇ ಕಳುಹಿಸುತ್ತಾರೆ. ಅದರ ಅಂಕಿಗಳನ್ನು ಲೆಕ್ಕಿಗರು ಕಣ್ಣಿನಿಂದ ಓದಿ ಬರೆದುಕೊಂಡರೂ, ಓಸಿಆರ್ ತಂತ್ರಾಂಶದಿಂದ ತೆಗೆದರೂ ತಪ್ಪು ನುಸುಳುವುದುಂಟು. ಮೊತ್ತ ಕೂಡದಿದ್ದಾಗ ಚೀಟಿಯೇ ತಿದ್ದಿದ್ದೆಂದು ಅಭ್ಯರ್ಥಿಯನ್ನು ಶಂಕಿಸುವ ಮೊದಲು, ಓದಿದ್ದು ಸರಿಯೇ ಎಂದು ಪರೀಕ್ಷಿಸುವುದು ನ್ಯಾಯ.

ಬಹುಪಾಲು ಚೀಟಿಗಳಲ್ಲಿ ಎಡಕ್ಕೆ ಗಳಿಕೆ, ಬಲಕ್ಕೆ ಕಡಿತಗಳಿರುತ್ತವೆ. ತಂತ್ರಾಂಶವು ಸಾಲನ್ನು ಅಡ್ಡಲಾಗಿ ಓದಿದರೆ ಮೂಲ ವೇತನ ಮತ್ತು ಭವಿಷ್ಯ ನಿಧಿ ಒಂದೇ ಸಾಲಿನಲ್ಲಿ ಬೆರೆತುಬಿಡುತ್ತವೆ. ಆದ್ದರಿಂದ ಚಿತ್ರವನ್ನು ನೇರವಾಗಿಸಿ, ಎರಡು ಭಾಗಗಳನ್ನು ಬೇರೆಬೇರೆಯಾಗಿ ಕತ್ತರಿಸಿ ಓದುವುದು ಕ್ಷೇಮ. ಕೆಲವು ಚೀಟಿಗಳಲ್ಲಿ ಗಳಿಕೆಗೇ ಎರಡು ಅಂಕಣಗಳಿರುತ್ತವೆ: ಒಂದು ನಿಗದಿತ ವೇತನ, ಇನ್ನೊಂದು ಹಾಜರಿಗೆ ತಕ್ಕಂತೆ ಆ ತಿಂಗಳು ಸಂದ ವೇತನ. ನಿವ್ವಳಕ್ಕೆ ತಾಳೆಯಾಗಬೇಕಾದದ್ದು ಎರಡನೆಯದು.

ಒಂದು ಉದಾಹರಣೆಯನ್ನು ನೋಡೋಣ. ಬನಶಂಕರಿಯ ಉಡುಪು ಘಟಕವೊಂದಕ್ಕೆ ಮೇಲ್ವಿಚಾರಕನೊಬ್ಬನ ಚೀಟಿ ಬಂದಿದೆಯೆಂದು ಭಾವಿಸಿ. ಚಿತ್ರದಿಂದ ಓದಿದ ಗಳಿಕೆ ಹೀಗಿದೆ: ಮೂಲ ವೇತನ 12,400, ತುಟ್ಟಿಭತ್ಯೆ 2,100, ಮನೆ ಬಾಡಿಗೆ ಭತ್ಯೆ 5,300, ಪ್ರಯಾಣ ಭತ್ಯೆ 1,600, ವಿಶೇಷ ಭತ್ಯೆ 4,850 ರೂಪಾಯಿ. ಕಡಿತಗಳು: ಭವಿಷ್ಯ ನಿಧಿ 1,740, ವೃತ್ತಿ ತೆರಿಗೆ 200, ಮುಂಗಡ 1,500. ಚೀಟಿಯಲ್ಲಿ ಮುದ್ರಿತವಾದ ಒಟ್ಟು ಗಳಿಕೆ 26,750, ಒಟ್ಟು ಕಡಿತ 3,440, ನಿವ್ವಳ 23,310 ರೂಪಾಯಿ.

ಮೊದಲು ಮುದ್ರಿತ ಮೊತ್ತಗಳನ್ನಷ್ಟೇ ತೆಗೆದುಕೊಳ್ಳಬೇಕು. 26,750ರಲ್ಲಿ 3,440 ಕಳೆದರೆ 23,310 ಉಳಿಯುತ್ತದೆ, ಇದು ಸರಿ. ಕಡಿತಗಳನ್ನು ಕೂಡಿದರೆ 3,440, ಇದೂ ಸರಿ. ಆದರೆ ಗಳಿಕೆಯ ಐದು ಅಂಕಿಗಳನ್ನು ಕೂಡಿದಾಗ 26,250 ಮಾತ್ರ ಬರುತ್ತದೆ. ಅಂದರೆ 500 ರೂಪಾಯಿಯ ಕೊರತೆ ಗಳಿಕೆಯ ಭಾಗದಲ್ಲೇ ಇದೆ.

ತಪ್ಪಿನ ಸ್ಥಳವನ್ನು ಭವಿಷ್ಯ ನಿಧಿಯೇ ಇನ್ನಷ್ಟು ಕಿರಿದುಗೊಳಿಸುತ್ತದೆ. ನೌಕರನ ವಂತಿಗೆ ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12. ಇಲ್ಲಿ ಅವೆರಡರ ಮೊತ್ತ 14,500, ಅದರ ಶೇ. 12 ಎಂದರೆ 1,740. ಆದ್ದರಿಂದ ಮೊದಲ ಎರಡು ಅಂಕಿಗಳನ್ನು ಸರಿಯಾಗಿಯೇ ಓದಲಾಗಿದೆ. ಉಳಿದ ಮೂರು ಭತ್ಯೆಗಳಲ್ಲಿ ನೂರರ ಸ್ಥಾನದ ಅಂಕಿ ಐದರಷ್ಟು ಕಡಿಮೆಯಾಗಿರುವುದನ್ನು ಹುಡುಕಬೇಕು. ಮಸುಕಾದ ಚಿತ್ರದಲ್ಲಿ 8 ಎಂಬುದು 3ರಂತೆ ಕಾಣುವುದು ಸಾಮಾನ್ಯ. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಮನೆ ಬಾಡಿಗೆ ಭತ್ಯೆ 5,800 ಎಂದು ತಿಳಿಯುತ್ತದೆ, ಲೆಕ್ಕ ಕೂಡುತ್ತದೆ.

ವ್ಯತ್ಯಾಸದ ಸ್ವರೂಪವೇ ತಪ್ಪಿನ ಬಗೆಯನ್ನು ಸೂಚಿಸುತ್ತದೆ. ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ ಎರಡು ಅಂಕಿಗಳು ಅದಲುಬದಲಾಗಿರುವ ಸಂಭವವಿದೆ: 4,850ನ್ನು 4,580 ಎಂದು ಬರೆದರೆ ವ್ಯತ್ಯಾಸ 270. ಇನ್ನು ಮುಂಗಡದ 1,500ನ್ನು ಕಡಿತದ ಬದಲು ಗಳಿಕೆಗೆ ಸೇರಿಸಿದರೆ ನಿವ್ವಳವು ಅದರ ಎರಡರಷ್ಟು, ಅಂದರೆ 3,000 ರೂಪಾಯಿ ಹೆಚ್ಚಾಗುತ್ತದೆ. ಕಡಿತವೇ 1,740ರಷ್ಟು ಹೆಚ್ಚಾದರೆ, ಚೀಟಿಯ ಕೆಳಗೆ ಮಾಹಿತಿಗಾಗಿ ಮುದ್ರಿಸಿದ ಮಾಲೀಕರ ಪಾಲನ್ನೂ ಸೇರಿಸಿರಬಹುದು. ಒಂದು ರೂಪಾಯಿಯ ವ್ಯತ್ಯಾಸವಾದರೋ ಪೈಸೆಗಳನ್ನು ದುಂಡಾಗಿಸಿದ್ದರಿಂದ ಬಂದದ್ದಿರುತ್ತದೆ.

ಕಾನೂನಿನ ಮಿತಿಗಳೂ ನೆನಪಿರಲಿ. 2014ರ ಸೆಪ್ಟೆಂಬರ್‌ನಲ್ಲಿ ಭವಿಷ್ಯ ನಿಧಿಯ ವೇತನ ಮಿತಿಯನ್ನು 15,000ಕ್ಕೆ ಏರಿಸಿದ ಬಳಿಕ, ವೇತನ ಹೆಚ್ಚಿದ್ದರೂ 1,800 ಮಾತ್ರ ಕಡಿತ ಮಾಡುವ ಸಂಸ್ಥೆಗಳು ಹಲವು. ಪೂರ್ಣ ವೇತನದ ಮೇಲೆ ಕಡಿತ ಮಾಡುವವರೂ ಇದ್ದಾರೆ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ಮಾಸಿಕ 25,000 ಮತ್ತು ಮೇಲ್ಪಟ್ಟ ವೇತನಕ್ಕೆ ವೃತ್ತಿ ತೆರಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಫೆಬ್ರವರಿಯಲ್ಲಿ ಮಾತ್ರ ಅದು 300. ಆ ತಿಂಗಳ ಚೀಟಿಯಲ್ಲಿ 300 ಕಂಡರೆ ತಪ್ಪೆಂದು ತಿದ್ದಬಾರದು.

ಈ ಪರೀಕ್ಷೆಗೂ ಒಂದು ಎಲ್ಲೆಯಿದೆ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಅಷ್ಟೇ ಕಡಿಮೆ ಓದಿದ್ದರೆ ಮೊತ್ತ ಕೂಡಿಬಿಡುತ್ತದೆ. ಚೀಟಿಯನ್ನು ಜಾಣತನದಿಂದ ತಿದ್ದಿದ್ದರೂ ಲೆಕ್ಕ ಸರಿಯಾಗಿಯೇ ಇರುತ್ತದೆ. ಅಕ್ಷರಗಳಲ್ಲಿ ಬರೆದ ನಿವ್ವಳವನ್ನು ಅಂಕಿಯೊಡನೆ ಹೋಲಿಸುವುದು ಓದಿನ ತಪ್ಪಿಗೆ ಮದ್ದು. ಚೀಟಿಯ ಸತ್ಯಾಸತ್ಯತೆಗಾದರೋ ಅಭ್ಯರ್ಥಿಯ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಆ ತಿಂಗಳು ಜಮೆಯಾದ ಮೊತ್ತವೇ ಆಧಾರ. ಅಲ್ಲಿ 23,310 ರೂಪಾಯಿ ಕಂಡುಬಂದರೆ, ಹೊಸ ವೇತನದ ಮಾತುಕತೆಯನ್ನು ನಿಶ್ಶಂಕೆಯಿಂದ ಆರಂಭಿಸಬಹುದು.