ಈಜಿದ ಮೇಲೆ ಕಿವಿನೋವು: ಯಾವ ಡ್ರಾಪ್ಸ್ ಹಾಕಬೇಕು?

ಹೊಳೆಗೆ ಈಜಲು ಹೋಗಿದ್ದ ದ್ವಿತೀಯ ಪಿಯುಸಿ ಹುಡುಗನೊಬ್ಬ ಮೂರನೇ ದಿನ ಜೀವಶಾಸ್ತ್ರ ಲ್ಯಾಬಿಗೆ ಬಂದು, "ಸರ್, ಮೊದಲು ಬಲಗಿವಿ ತುರಿಸುತ್ತಿತ್ತು, ಈಗ ಅನ್ನ ಜಗಿದರೂ ನೋಯುತ್ತದೆ" ಎಂದ. ಹಾಸ್ಟೆಲ್ ಗೆಳೆಯ ಕೊಟ್ಟ ಡ್ರಾಪ್ಸ್ ಬಾಟಲಿ ಕೈಯಲ್ಲಿತ್ತು. ಲೇಬಲ್ ಓದಿದೆ: ನಿಯೋಮೈಸಿನ್. ಹಾಕಬೇಡ, ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸು ಎಂದೆ.

ಹೊರಕಿವಿಯಿಂದ ಕಿವಿತಮಟೆಯವರೆಗಿನ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಗುಗ್ಗೆ ಸ್ವಲ್ಪ ಆಮ್ಲೀಯ. ನೀರನ್ನೂ ಬ್ಯಾಕ್ಟೀರಿಯಾವನ್ನೂ ದೂರವಿಡುತ್ತದೆ. ನೀರು ನಿಂತು ಚರ್ಮ ಮೆತ್ತಗಾದರೆ, ಅಥವಾ ಬಡ್ಸ್ ಹಾಕಿ ಗುಗ್ಗೆ ಕೆರೆದರೆ, ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ. ಕಿವಿ ಎಳೆದಾಗ ನೋವು ಹೆಚ್ಚಿದರೆ ಸೋಂಕು ಹೊರನಾಳದಲ್ಲಿರುವ ಸಾಧ್ಯತೆಯೇ ಹೆಚ್ಚು. ನೆಗಡಿಯ ಜೊತೆ ಬರುವ ಮಧ್ಯಕಿವಿಯ ನೋವು ಸಾಮಾನ್ಯವಾಗಿ ಹಾಗೆ ಹೆಚ್ಚುವುದಿಲ್ಲ.

ಔಷಧಿಯ ಆಯ್ಕೆಯಲ್ಲಿ ಮುಖ್ಯ ಪ್ರಶ್ನೆ ಒಂದೇ: ತಮಟೆ ತೂತಾಗಿದೆಯೇ? ತೂತಿದ್ದರೆ ನಿಯೋಮೈಸಿನ್, ಜೆಂಟಾಮೈಸಿನ್ ಒಳಕಿವಿಗೆ ಇಳಿದು ಶ್ರವಣಶಕ್ತಿಗೇ ಹಾನಿ ಮಾಡಬಹುದು. ಸಿಪ್ರೊಫ್ಲಾಕ್ಸಾಸಿನ್ ಅಥವಾ ಆಫ್ಲಾಕ್ಸಾಸಿನ್ ಡ್ರಾಪ್ಸ್‌ಗೆ ಆ ಅಪಾಯವಿಲ್ಲ. ಈ ಹುಡುಗನ ನಾಳ ಊದಿಕೊಂಡು ತಮಟೆ ಪೂರ್ತಿ ಕಾಣುತ್ತಿರಲಿಲ್ಲ. ಹಾಗಾಗಿ ವೈದ್ಯರು ಕಸ ತೆಗೆದು, ಊತ ಇಳಿಸುವ ಡೆಕ್ಸಾಮೆಥಸೋನ್ ಸೇರಿದ ಸಿಪ್ರೊಫ್ಲಾಕ್ಸಾಸಿನ್ ಬರೆದುಕೊಟ್ಟರು. ಏಳು ದಿನ, ದಿನಕ್ಕೆರಡು ಬಾರಿ, ನಾಲ್ಕು ಹನಿ. ಮಾತ್ರೆ ಕೊಡಲಿಲ್ಲ. ಆರೋಗ್ಯವಂತರಲ್ಲಿ ಸೋಂಕು ನಾಳದಲ್ಲಷ್ಟೇ ಇದ್ದರೆ ಅದು ಬೇಕಾಗುವುದೂ ಇಲ್ಲ.

ಹಾಕುವ ಕ್ರಮವೂ ಮುಖ್ಯ. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ತಣ್ಣಗಿನ ಹನಿಯಿಂದ ತಲೆ ಸುತ್ತುತ್ತದೆ. ನೋವಿರುವ ಕಿವಿ ಮೇಲಾಗುವಂತೆ ಮಲಗಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹನಿ ಬಿಟ್ಟು, ಐದು ನಿಮಿಷ ಹಾಗೆಯೇ ಇರಿ. ಹಾಕಿದ ತಕ್ಷಣ ಎದ್ದರೆ ಔಷಧಿ ಕಾಲರಿಗೆ ಹೋಗುತ್ತದೆ, ಅಷ್ಟೆ.

ಸ್ನಾನಕ್ಕೆ ಮುಂಚೆ ಹತ್ತಿಯುಂಡೆಗೆ ವ್ಯಾಸಲಿನ್ ಸವರಿ ಕಿವಿಯ ಬಾಯಲ್ಲಿಟ್ಟು, ಸ್ನಾನವಾದೊಡನೆ ತೆಗೆಯಿರಿ. ಬರಿ ಹತ್ತಿ ನೀರು ಹೀರಿ ಒಳಗೇ ಹಿಡಿದಿಡುತ್ತದೆ. ವುಝೂ ಮಾಡುವಾಗ ಒದ್ದೆ ಬೆರಳಿನಿಂದ ಹೊರಕಿವಿ ಸವರಿದರೆ ಚಿಂತೆಯಿಲ್ಲ, ನೀರು ಒಳಗೆ ಇಳಿಯಬಾರದಷ್ಟೆ. ಈಜು, ಇಯರ್‌ಫೋನ್, ಬಡ್ಸ್ ಮೂರೂ ಬೇಡ. ಬೆಚ್ಚಗಿನ ಎಣ್ಣೆಯೂ ಬೇಡ.

ಹುಡುಗನ ನೋವು ಮೂರನೇ ದಿನಕ್ಕೆ ಇಳಿಯಿತು. ಆದರೂ ಏಳು ದಿನ ಹಾಕಿಸಿದೆ. ಆ ಹೊತ್ತಿಗೂ ನೋವು ಇಳಿಯದಿದ್ದರೆ ಮತ್ತೆ ತೋರಿಸಬೇಕು. ನಾಳ ಮುಚ್ಚಿಹೋಗಿ ಹನಿ ಒಳಗೆ ತಲುಪುತ್ತಿಲ್ಲದಿರಬಹುದು. ಅಥವಾ ನೋವಿಗಿಂತ ತುರಿಕೆಯೇ ಜೋರಾಗಿದ್ದರೆ ಅದು ಶಿಲೀಂಧ್ರವಿರಬಹುದು, ಅದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿಗೆ ಇಂಥ ನೋವು ಬಂದರೆ ಮೂರು ದಿನ ಕಾಯಬೇಡಿ. ಅವರಲ್ಲಿ ಸೋಂಕು ಮೂಳೆಗೆ ಹಬ್ಬಬಹುದು, ಅದೇ ದಿನ ಕರೆದೊಯ್ಯಿರಿ.